ವೇಗ ಅರ್ಧ ಇಳಿಸಿದೆ, ಕರೆಂಟ್ ಮೂರನೇ ಒಂದಕ್ಕೆ ಇಳಿಯಿತು: ಇದು ಹೇಗೆ?

ಕೊಪ್ಪಳ_ವಿಡಿಯೋ

ಎಲ್ಲರಿಗೂ ನಮಸ್ಕಾರ. ಕೊಪ್ಪಳದಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ನಾಲ್ಕು ಕೋರ್ ಇರುವ ಲ್ಯಾಪ್‌ಟಾಪ್. ಬೇಸಿಗೆಯಲ್ಲಿ ಎಕ್ಸ್‌ಪೋರ್ಟ್ ಹಾಕಿದರೆ ಸಾಕು, ಫ್ಯಾನ್ ಕೂಗುವುದಕ್ಕೆ ಶುರು, ಕೀಬೋರ್ಡ್ ಮೇಲೆ ಕೈ ಇಡೋಕಾಗಲ್ಲ. ಒಬ್ಬ ಸ್ನೇಹಿತ ಹೇಳಿದ ಅಂತ ವಿಂಡೋಸ್ ಪವರ್ ಸೆಟ್ಟಿಂಗ್‌ನಲ್ಲಿ Maximum processor state ಅನ್ನು 100ರಿಂದ 99ಕ್ಕೆ ಇಳಿಸಿದೆ. ಒಂದೇ ಒಂದು ಪರ್ಸೆಂಟ್. ಲ್ಯಾಪ್‌ಟಾಪ್ ತಣ್ಣಗಾಯಿತು!

HWiNFO ಹಾಕಿ ನೋಡಿದೆ. ಮೊದಲು ಎಕ್ಸ್‌ಪೋರ್ಟ್ ಶುರುವಾದ ಕೂಡಲೇ 3.4 ಗಿಗಾಹರ್ಟ್ಸ್, 1.05 ವೋಲ್ಟ್, 28 ವ್ಯಾಟ್ ತೋರಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಬಿಸಿಯಾಗಿ ತಾನೇ 2.6ಕ್ಕೆ ಇಳಿದು 17 ವ್ಯಾಟ್‌ನಲ್ಲಿ ನಿಲ್ಲುತ್ತಿತ್ತು. ಈಗ 1.6 ಗಿಗಾಹರ್ಟ್ಸ್, 0.75 ವೋಲ್ಟ್, 9 ವ್ಯಾಟ್. ಅಲ್ಲಾಡುವುದೇ ಇಲ್ಲ.

ನನ್ನ ಪ್ರಶ್ನೆ ಎರಡು. 3.4ರಿಂದ 1.6 ಅಂದರೆ ವೇಗ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಆಯಿತು. ಹಾಗಾದರೆ 28 ವ್ಯಾಟ್ 13 ಆಗಬೇಕಿತ್ತು, 9 ಯಾಕಾಯಿತು? ಇನ್ನೊಂದು, ಮೊದಲೆಲ್ಲ ಪ್ರತಿ ವರ್ಷ ಗಿಗಾಹರ್ಟ್ಸ್ ಏರುತ್ತಿತ್ತು. ಈಗ ನೋಡಿದರೆ ಕೋರ್ ಮಾತ್ರ ಏರುತ್ತಿದೆ. 10 ಗಿಗಾಹರ್ಟ್ಸ್‌ದು ಒಂದೇ ಕೋರ್ ಯಾಕೆ ಕೊಡಲ್ಲ?

ಶಕ್ತಿನಗರ_ಬಸಣ್ಣ

ತಮ್ಮಾ, ನಾನು ಶಕ್ತಿನಗರದ ಥರ್ಮಲ್‌ನಲ್ಲಿ ಎಲೆಕ್ಟ್ರಿಕಲ್ ಸೆಕ್ಷನ್‌ನಲ್ಲಿದ್ದು ರಿಟೈರ್ ಆದವನು. ಮೊದಲು ನಿನ್ನ ಮನೆಯ ಲೈನ್ ನೋಡಿಸು. ಫ್ರೀಕ್ವೆನ್ಸಿ 50ರಲ್ಲೇ ಇರಬೇಕು, ಅದನ್ನು ನೀನು ಬದಲಾಯಿಸೋಕಾಗಲ್ಲ. ವೋಲ್ಟೇಜ್ ಇಳಿದರೆ ತಣ್ಣಗಾಗುತ್ತದೆ ಅನ್ನೋದು ಉಲ್ಟಾ ಮಾತು. ಸಂಜೆ ವೋಲ್ಟೇಜ್ 170ಕ್ಕೆ ಬಿದ್ದಾಗ ಪಂಪ್‌ಸೆಟ್ ಓಡಿಸಿ ನೋಡು, ಆಂಪ್ಸ್ ಏರಿ ವೈಂಡಿಂಗ್ ಸುಟ್ಟುಹೋಗುತ್ತದೆ. ಲೋ ವೋಲ್ಟೇಜ್‌ಗೆ ಎಷ್ಟು ಮೋಟಾರ್ ಸುಟ್ಟಿದ್ದು ನೋಡಿದ್ದೇನೆ.

ಮಾನ್ವಿ_ಮಂಜುನಾಥ

ಬಸಣ್ಣ ಸರ್, ಮೋಟಾರ್ ವಿಷಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಅವರು ಕೇಳುತ್ತಿರುವುದು ಗೋಡೆಯ ಪ್ಲಗ್‌ನ ವೋಲ್ಟೇಜ್ ಅಲ್ಲ. ಚಿಪ್ ಒಳಗಿನದು. ಅಡಾಪ್ಟರ್ 19 ವೋಲ್ಟ್ ಆಸುಪಾಸು ಕೊಡುತ್ತದೆ, ಮದರ್‌ಬೋರ್ಡ್ ಅದನ್ನು ಸುಮಾರು 1 ವೋಲ್ಟ್‌ಗೆ ಇಳಿಸಿ ಪ್ರೊಸೆಸರ್‌ಗೆ ಕೊಡುತ್ತದೆ. ಆ 1 ವೋಲ್ಟ್ ಎಷ್ಟಿರಬೇಕು ಅಂತ ಪ್ರೊಸೆಸರ್ ಕ್ಷಣಕ್ಷಣಕ್ಕೂ ಕೇಳುತ್ತಿರುತ್ತದೆ. ಫ್ರೀಕ್ವೆನ್ಸಿ ಅಂದರೂ ಇಲ್ಲಿ ಕ್ಲಾಕ್.

ಮೋಟಾರ್‌ಗೆ ನೀರೆತ್ತುವ ಕೆಲಸ ಅಷ್ಟೇ ಇರುತ್ತದೆ, ವೋಲ್ಟೇಜ್ ಕಡಿಮೆಯಾದರೆ ಕರೆಂಟ್ ಜಾಸ್ತಿ ಎಳೆದು ಸರಿದೂಗಿಸುತ್ತದೆ. ಟ್ರಾನ್ಸಿಸ್ಟರ್ ಹಾಗಲ್ಲ. ಅದು ಸರಿದೂಗಿಸುವುದಿಲ್ಲ, ಸುಮ್ನೆ ನಿಧಾನವಾಗುತ್ತದೆ.

ಈಗ 9 ವ್ಯಾಟ್ ಲೆಕ್ಕ. ನಾನು ಬೆಂಗಳೂರಿನಲ್ಲಿ ಚಿಪ್ ಡಿಸೈನ್‌ನಲ್ಲಿ ಇದೇ ಪವರ್ ಕೆಲಸ ಮಾಡುತ್ತೇನೆ, ನಮ್ಮ ದಿನದ ಗೋಳು ಇದು:

```
P = α · C · V² · f
```

ಚಿಪ್ ಒಳಗೆ ಪ್ರತಿ ತಂತಿ, ಪ್ರತಿ ಗೇಟ್ ಒಂದು ಪುಟ್ಟ ಕೆಪಾಸಿಟರ್. 0 ಇದ್ದದ್ದು 1 ಆಗಬೇಕಾದರೆ ಅದಕ್ಕೆ ಚಾರ್ಜ್ ತುಂಬಬೇಕು. 1 ಮತ್ತೆ 0 ಆಗಬೇಕಾದರೆ ಆ ಚಾರ್ಜ್ ಅನ್ನು ಗ್ರೌಂಡ್‌ಗೆ ಸುರಿಯಬೇಕು. ವಾಪಸ್ ಬರುವುದಿಲ್ಲ, ಬಿಸಿಯಾಗಿ ಹೋಗುತ್ತದೆ. ವೋಲ್ಟೇಜ್ ಎರಡು ಸಲ ಬರುವುದು ಇಲ್ಲೇ. ವೋಲ್ಟೇಜ್ ಕಡಿಮೆಯಾದರೆ ತುಂಬುವ ಚಾರ್ಜ್ ಕಡಿಮೆ, ಅದು ಒಂದು. ಆ ಚಾರ್ಜ್ ಅನ್ನು ತಳ್ಳುವ ಎತ್ತರವೂ ಕಡಿಮೆ, ಅದು ಇನ್ನೊಂದು. ಹಾಗಾಗಿ ವರ್ಗ. ಕ್ಲಾಕ್ ಮಾತ್ರ ಒಂದೇ ಸಲ: ಸೆಕೆಂಡಿಗೆ ಎಷ್ಟು ಬಾರಿ ತುಂಬಿ ಸುರಿದೆವು ಅನ್ನುವುದು. C ಅಂದರೆ ಒಟ್ಟು ಕೆಪಾಸಿಟೆನ್ಸ್. α ಅಂದರೆ ಅದರಲ್ಲಿ ಒಂದು ಕ್ಲಾಕ್‌ಗೆ ಎಷ್ಟು ಭಾಗ ನಿಜವಾಗಿ ಅಲ್ಲಾಡಿತು ಅಂತ. ನಿಮ್ಮ ಎಕ್ಸ್‌ಪೋರ್ಟ್ ಎರಡೂ ಸಲ ಅದೇ ಆದ್ದರಿಂದ ಅವೆರಡನ್ನೂ ಮುಟ್ಟುವುದು ಬೇಡ.

1.6 ಭಾಗಿಸು 3.4 ಅಂದರೆ 0.47. ವೋಲ್ಟೇಜ್ 0.75 ಭಾಗಿಸು 1.05, ಅದರ ವರ್ಗ 0.51. ಗುಣಿಸಿದರೆ 0.24. ನಿಮ್ಮ 28 ವ್ಯಾಟ್‌ನಲ್ಲಿ 4 ವ್ಯಾಟ್ ಲೀಕೇಜ್ ಮತ್ತು ಇತರೆ ಅಂತ ಇಟ್ಟುಕೊಳ್ಳಿ, ಅದು ನನ್ನ ಅಂದಾಜು. ಲೀಕೇಜ್ ಅಂದರೆ ಟ್ರಾನ್ಸಿಸ್ಟರ್ ಆಫ್ ಇದ್ದಾಗಲೂ ಸೋರುವ ಕರೆಂಟ್. ಉಳಿದ 24 ವ್ಯಾಟ್ ಹತ್ತಿರಹತ್ತಿರ 6 ಆಗುತ್ತದೆ. ಲೀಕೇಜೂ ಸ್ವಲ್ಪ ಇಳಿದು 3 ಅಂದರೆ ಒಟ್ಟು 9. ನಿಮ್ಮ ಮೀಟರ್ ಸುಳ್ಳು ಹೇಳುತ್ತಿಲ್ಲ.

ಒಂದು ಪರ್ಸೆಂಟ್‌ಗೆ ಇಷ್ಟೊಂದು ಯಾಕೆ ಇಳಿಯಿತು ಅಂದರೆ, ಅನೇಕ ಲ್ಯಾಪ್‌ಟಾಪ್‌ಗಳಲ್ಲಿ 99 ಅಂದರೆ ಟರ್ಬೊ ಬಂದ್ ಅಂತ ಅರ್ಥ. ಟರ್ಬೊ ಅಂದರೆ ಚಿಪ್ ತನ್ನ ಮಾಮೂಲಿ ಕ್ಲಾಕ್‌ಗಿಂತ ಮೇಲೆ ಓಡುವುದು. ನೀವು ಒಂದು ಪರ್ಸೆಂಟ್ ಇಳಿಸಲಿಲ್ಲ, ಟರ್ಬೊ ಇಡೀ ತೆಗೆದಿರಿ.

ಗಂಗಾವತಿ_ಸ್ನೇಹಾ

ಅಣ್ಣಾ, ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ನಮಗೆ ಹೇಳಿಕೊಟ್ಟಿದ್ದು ಪವರ್ ಕ್ಲಾಕ್‌ನ ಘನಕ್ಕೆ ಹೋಗುತ್ತದೆ ಅಂತ. ಕ್ಲಾಕ್ ಇಳಿಸಿದಷ್ಟೇ ವೋಲ್ಟೇಜೂ ಇಳಿಯುತ್ತದೆ, ಹಾಗಾಗಿ ಅರ್ಧ ಕ್ಲಾಕ್‌ಗೆ ಎಂಟನೇ ಒಂದು ಪವರ್. ಆ ಲೆಕ್ಕದಲ್ಲಿ 28 ವ್ಯಾಟ್ 3 ಆಗಬೇಕಿತ್ತು ಅಲ್ವಾ? ಇನ್ನೂ ಇಳಿಸಿ 800 ಮೆಗಾಹರ್ಟ್ಸ್‌ನಲ್ಲಿ ಓಡಿಸಿದರೆ ಬ್ಯಾಟರಿ ಇಡೀ ದಿನ ಬರಬೇಕಲ್ಲ?

ಮಾನ್ವಿ_ಮಂಜುನಾಥ

ಸ್ನೇಹಾ, ಘನದ ಮಾತು ಮೇಲಿನ ತುದಿಯಲ್ಲಿ ಸುಮಾರಾಗಿ ನಿಜ. 3.4ರಿಂದ 3ಕ್ಕೆ ಇಳಿಯುವಾಗ ನಂಬಬಹುದು. ಕೆಳಗೆ ಹೋದಂತೆ ಅದು ಕೈಕೊಡುತ್ತದೆ. ಇವರದ್ದನ್ನೇ ನೋಡು: ಕ್ಲಾಕ್ 0.47ಕ್ಕೆ ಬಂದರೂ ವೋಲ್ಟೇಜ್ 0.71ಕ್ಕೆ ಮಾತ್ರ ಬಂತು.

ಟ್ರಾನ್ಸಿಸ್ಟರ್ ಆನ್ ಆಗಬೇಕಾದರೆ ಒಂದು ಹೊಸ್ತಿಲು ವೋಲ್ಟೇಜ್ ದಾಟಬೇಕು, ಥ್ರೆಶೋಲ್ಡ್. ಕೆಪಾಸಿಟರ್ ತುಂಬುವ ಕರೆಂಟ್ ಬರುವುದು ಅದರ ಮೇಲೆ ಎಷ್ಟು ಉಳಿಯಿತೋ ಅದರಿಂದ. ವೋಲ್ಟೇಜ್ ಆ ಹೊಸ್ತಿಲ ಹತ್ತಿರ ಬಂದರೆ ಗೇಟ್ ವಿಪರೀತ ನಿಧಾನವಾಗುತ್ತದೆ, ಕ್ಲಾಕ್ ಸಿಗ್ನಲ್ ಓಡುವ ಅತಿ ನಿಧಾನದ ದಾರಿಗೋಸ್ಕರ ಕಾಯಬೇಕು. ಜೊತೆಗೆ ಒಳಗಿನ ಮೆಮೊರಿ ಸೆಲ್‌ಗಳು ಒಂದು ಮಟ್ಟದ ಕೆಳಗೆ ಬಿಟ್‌ಗಳನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಚಿಪ್‌ಗೆ ಒಂದು ತಳ ಅಂತ ಇರುತ್ತದೆ. ಆ ತಳಕ್ಕೆ ಬಂದ ಮೇಲೆ ನೀನು 800 ಮೆಗಾಹರ್ಟ್ಸ್ ಮಾಡಿದರೂ V ಅಲ್ಲೇ ನಿಂತಿರುತ್ತದೆ, f ಮಾತ್ರ ಇಳಿಯುತ್ತದೆ.

ಆಗ ಏನಾಗುತ್ತದೆ? ವ್ಯಾಟ್ ಇಳಿಯುತ್ತದೆ, ನಿಜ. ಆದರೆ ಕೆಲಸ ಮುಗಿಯೋಕೆ ಎರಡರಷ್ಟು ಹೊತ್ತು. ಒಂದು ಎಕ್ಸ್‌ಪೋರ್ಟ್‌ಗೆ ಆಗುವ ತುಂಬು-ಸುರಿ ಅಷ್ಟೇ ಸಲ, ಪ್ರತಿ ಸಲ ಅಷ್ಟೇ ಖರ್ಚು. ಅದರ ಮೇಲೆ ಲೀಕೇಜ್ ಎರಡರಷ್ಟು ಹೊತ್ತು ಸೋರುತ್ತದೆ. ಬ್ಯಾಟರಿಗೆ ನಷ್ಟವೇ.

ಕೊಪ್ಪಳ_ವಿಡಿಯೋ

ಇದನ್ನೇ ಕೇಳಬೇಕು ಅಂತಿದ್ದೆ! ಕರೆಂಟ್ ಹೋದಾಗ ಬ್ಯಾಟರಿ ಮೇಲೆ ಎಕ್ಸ್‌ಪೋರ್ಟ್ ಹಾಕುತ್ತೇನೆ. ತಣ್ಣಗಾಯಿತಲ್ಲ, ಬ್ಯಾಟರಿ ಜಾಸ್ತಿ ಬರುತ್ತದೆ ಅಂದುಕೊಂಡೆ. ಹೊತ್ತು ಜಾಸ್ತಿ ಬಂತು, ಆದರೆ ಮುಗಿದ ವಿಡಿಯೋ ಜಾಸ್ತಿ ಆಗಲಿಲ್ಲ. ಮೊದಲು 40 ನಿಮಿಷಕ್ಕೆ ಮುಗಿಯುತ್ತಿದ್ದ ಹೈಲೈಟ್ಸ್ ಈಗ 65 ನಿಮಿಷ.

ಮಾನ್ವಿ_ಮಂಜುನಾಥ

ಯಾಕೆ ಅಂದರೆ ಲ್ಯಾಪ್‌ಟಾಪ್ ಅಂದರೆ ಪ್ರೊಸೆಸರ್ ಒಂದೇ ಅಲ್ಲವಲ್ಲ. ಪರದೆ, ಡಿಸ್ಕ್, ವೈಫೈ ಎಲ್ಲ ಸೇರಿ 7 ವ್ಯಾಟ್ ಅಂತ ಇಡಿ. ಹಳೆಯ ರೀತಿ: 17 ಮತ್ತು 7, 24 ವ್ಯಾಟ್, 40 ನಿಮಿಷ, ಅಂದರೆ 16 ವ್ಯಾಟ್‌ಅವರ್. ಹೊಸ ರೀತಿ: 9 ಮತ್ತು 7, 16 ವ್ಯಾಟ್, 65 ನಿಮಿಷ, ಅಂದರೆ 17ಕ್ಕಿಂತ ಸ್ವಲ್ಪ ಮೇಲೆ. ಪ್ರೊಸೆಸರ್ ಉಳಿಸಿದ್ದನ್ನು ಪರದೆ ತಿಂದುಹಾಕಿತು. ಎಕ್ಸ್‌ಪೋರ್ಟ್ ಹಾಕಿ ಪರದೆ ಆಫ್ ಮಾಡಿ, ಲೆಕ್ಕ ಸಮ ಆಗುತ್ತದೆ.

ಇದಕ್ಕಿಂತ ಒಳ್ಳೆಯದು ನಡುವಿನ ಕ್ಲಾಕ್ ಹಿಡಿಯುವುದು. ಪರ್ಸೆಂಟ್ ಸೆಟ್ಟಿಂಗ್‌ನಲ್ಲಿ ಅದು ಸರಿಯಾಗಿ ಸಿಗುವುದಿಲ್ಲ. ಮೊದಲು ಅದನ್ನು ಮತ್ತೆ 100 ಮಾಡಿ, ಆಮೇಲೆ ನೇರವಾಗಿ ಮೆಗಾಹರ್ಟ್ಸ್ ಮಿತಿ ಹಾಕಿ. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನ್ ಆಗಿ ತೆರೆದು:

```
powercfg /setdcvalueindex scheme_current sub_processor PROCFREQMAX 2200
powercfg /setactive scheme_current
```

ಇದು ಬ್ಯಾಟರಿಗೆ. ಪ್ಲಗ್ ಹಾಕಿದಾಗಲೂ ಬೇಕಾದರೆ `/setacvalueindex` ಅಂತ ಇನ್ನೊಮ್ಮೆ ಕೊಡಿ. ವಾಪಸ್ ಬರಬೇಕಾದರೆ 2200 ಜಾಗದಲ್ಲಿ 0, ಅಂದರೆ ಮಿತಿ ಇಲ್ಲ.

ಶಕ್ತಿನಗರ_ಬಸಣ್ಣ

ಆಯ್ತಪ್ಪ, ಚಿಪ್ ಒಳಗಿನ ವೋಲ್ಟೇಜ್ ಅಂತ ಈಗ ತಿಳಿಯಿತು. ಆದರೂ ಒಂದು ಕೇಳುತ್ತೇನೆ. ಬಿಸಿಯಾಗುತ್ತದೆ ಅಂತ ಯಾರಾದರೂ ಕೆಲಸ ನಿಲ್ಲಿಸುತ್ತಾರಾ? ನಮ್ಮಲ್ಲಿ ಕೃಷ್ಣಾ ನೀರು ತಂದು ತಣ್ಣಗೆ ಮಾಡುತ್ತಿದ್ದೆವು, 210 ಮೆಗಾವ್ಯಾಟ್ ಯೂನಿಟ್‌ಗಳು ಅವು. ನಿಮ್ಮದು ಬರೀ ನೂರು ವ್ಯಾಟ್. ಒಳ್ಳೆ ಕೂಲಿಂಗ್ ಹಾಕಿ 10 ಗಿಗಾಹರ್ಟ್ಸ್ ಓಡಿಸುವುದಕ್ಕೆ ಏನು ಕಷ್ಟ?

ಮಾನ್ವಿ_ಮಂಜುನಾಥ

ಸರ್, ಕಷ್ಟ ಇರುವುದು ಎಷ್ಟು ವ್ಯಾಟ್ ಅನ್ನುವುದರಲ್ಲಿ ಅಲ್ಲ, ಎಷ್ಟು ಜಾಗದಿಂದ ಅನ್ನುವುದರಲ್ಲಿ. ಸಾವಿರ ವ್ಯಾಟ್ ಇಸ್ತ್ರಿಪೆಟ್ಟಿಗೆಯ ತಳ ಅಂಗೈಗಿಂತ ದೊಡ್ಡದು, ಚದರ ಸೆಂಟಿಮೀಟರ್‌ಗೆ ಏಳೆಂಟು ವ್ಯಾಟ್ ದಾಟುವುದಿಲ್ಲ. 2004ರಲ್ಲಿ ಬಂದ ಪೆಂಟಿಯಂ 4, ಪ್ರೆಸ್ಕಾಟ್ ಅಂತ ಅದರ ಒಳಹೆಸರು, 112 ಚದರ ಮಿಲಿಮೀಟರ್ ಸಿಲಿಕಾನ್. ಅದರ 3.8 ಗಿಗಾಹರ್ಟ್ಸ್ ಮಾಡೆಲ್‌ಗೆ 115 ವ್ಯಾಟ್ ಅಂತ ಬರೆದಿತ್ತು. ಅಂದರೆ ಚದರ ಸೆಂಟಿಮೀಟರ್‌ಗೆ ನೂರು ವ್ಯಾಟ್. ಇಸ್ತ್ರಿ ಬಟ್ಟೆ ಸುಡುವಷ್ಟು ಬಿಸಿಯಾಗಬಹುದು, ಇದು ನೂರು ಡಿಗ್ರಿ ದಾಟದೆ ಅಷ್ಟನ್ನೂ ಹೊರಗೆ ಹಾಕಬೇಕು.

ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು. 1974ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಜೊತೆಯವರು ಒಂದು ಲೆಕ್ಕ ಕೊಟ್ಟರು. ಟ್ರಾನ್ಸಿಸ್ಟರ್‌ನ ಉದ್ದಗಲ 0.7ಕ್ಕೆ ಇಳಿಸಿ, ವೋಲ್ಟೇಜೂ 0.7ಕ್ಕೆ ಇಳಿಸಿ. C 0.7 ಆಗುತ್ತದೆ, V ವರ್ಗ ಅರ್ಧ ಆಗುತ್ತದೆ, ಕ್ಲಾಕ್ 1.4 ಪಟ್ಟು ಏರಿಸಬಹುದು. ಗುಣಿಸಿದರೆ ಒಂದೊಂದು ಟ್ರಾನ್ಸಿಸ್ಟರ್‌ನ ಪವರ್ ಅರ್ಧ. ಅದು ಹಿಡಿಯುವ ಜಾಗವೂ ಅರ್ಧ. ಅಂದರೆ ಜಾಗದ ಲೆಕ್ಕದಲ್ಲಿ ಬಿಸಿ ಏರುವುದೇ ಇಲ್ಲ, ಕ್ಲಾಕ್ ಮಾತ್ರ ಪುಕ್ಕಟೆ ಏರುತ್ತದೆ. ಎಷ್ಟೋ ವರ್ಷ ಉದ್ಯಮ ಇದರ ಮೇಲೇ ಬದುಕಿತು. ಲೆಕ್ಕದಷ್ಟೇ ಅಚ್ಚುಕಟ್ಟಾಗಿ ಅಲ್ಲ, ಬಿಸಿ ಏರುತ್ತಲೇ ಇತ್ತು. ಆದರೂ ದಿಕ್ಕು ಅದೇ. 486 ಕಾಲದಲ್ಲಿ 5 ವೋಲ್ಟ್ ಇತ್ತು, ಆಮೇಲೆ 3.3, ಪ್ರೆಸ್ಕಾಟ್ ಹೊತ್ತಿಗೆ 1.3 ಆಸುಪಾಸು.

ಅಲ್ಲಿಗೆ ಇಳಿಯುವುದು ನಿಂತಿತು. ಈಗ 20 ವರ್ಷ ಕಳೆದಿದೆ, ಇವರ ಲ್ಯಾಪ್‌ಟಾಪ್ ಟರ್ಬೊದಲ್ಲಿ ಇನ್ನೂ 1.05 ಕೇಳುತ್ತಿದೆ ನೋಡಿ. ಕಾರಣ ಮತ್ತೆ ಅದೇ ಹೊಸ್ತಿಲು. V ಇಳಿಸಿಯೂ ವೇಗ ಉಳಿಯಬೇಕಾದರೆ ಥ್ರೆಶೋಲ್ಡ್ ಅನ್ನೂ ಇಳಿಸಬೇಕು. ಆದರೆ ಅದನ್ನು 0.1 ವೋಲ್ಟ್ ಇಳಿಸಿದರೆ ಆಫ್ ಇದ್ದಾಗ ಸೋರುವ ಕರೆಂಟ್ ಸುಮಾರು ಹತ್ತು ಪಟ್ಟು ಏರುತ್ತದೆ. ಇದು ಕಾರ್ಖಾನೆಯ ಕುಶಲತೆಯ ಪ್ರಶ್ನೆ ಅಲ್ಲ. ಕೋಣೆಯ ಉಷ್ಣತೆಯಲ್ಲಿ ಸಾಮಾನ್ಯ ಟ್ರಾನ್ಸಿಸ್ಟರ್ ಎಷ್ಟೇ ಚೆನ್ನಾಗಿದ್ದರೂ ಕರೆಂಟ್ ಹತ್ತು ಪಟ್ಟು ಕಡಿಮೆ ಮಾಡೋಕೆ ಕನಿಷ್ಠ 60 ಮಿಲಿವೋಲ್ಟ್ ಬೇಕೇ ಬೇಕು. ಭೌತಶಾಸ್ತ್ರ ಹಾಕಿದ ಗೆರೆ ಅದು.

V ನಿಂತ ಮೇಲೆ ಡೆನಾರ್ಡ್ ಲೆಕ್ಕ ಮತ್ತೆ ಮಾಡಿ. C 0.7, ಕ್ಲಾಕ್ 1.4, V ಅಷ್ಟೇ. ಟ್ರಾನ್ಸಿಸ್ಟರ್ ಪವರ್ ಇಳಿಯಲೇ ಇಲ್ಲ, ಜಾಗ ಮಾತ್ರ ಅರ್ಧ. ಪ್ರತಿ ತಲೆಮಾರಿಗೆ ಬಿಸಿ ದುಪ್ಪಟ್ಟು. ಇಂಟೆಲ್ 2004ರಲ್ಲೇ 4 ಗಿಗಾಹರ್ಟ್ಸ್ ಪೆಂಟಿಯಂ 4 ಅನ್ನು ಕೈಬಿಟ್ಟಿತು, ಅದರ ಮುಂದಿನ ತೇಜಸ್ ಅನ್ನುವ ಚಿಪ್ಪನ್ನೂ ಕೈಬಿಟ್ಟಿತು.

ಬಳ್ಳಾರಿ_ಜೀನ್ಸ್

ಮಂಜು ಸರ್, ಹಾಗಾದರೆ ಕೋರ್ ಜಾಸ್ತಿ ಹಾಕಿದರೆ ಬಿಸಿ ಜಾಸ್ತಿ ಆಗಲ್ವಾ? ಎರಡು ಕೋರ್ ಅಂದರೆ ಎರಡು ಚಿಪ್ ಇದ್ದಂತೆ ತಾನೆ.

ನನ್ನದು ಬೇರೆ ಗೋಳು. ಬಳ್ಳಾರಿಯಲ್ಲಿ ಜೀನ್ಸ್ ಯೂನಿಟ್ ಇದೆ. ಬಟ್ಟೆ ಕಟಿಂಗ್‌ಗೆ ಪ್ಯಾಟರ್ನ್ ಜೋಡಿಸುವ ಸಾಫ್ಟ್‌ವೇರ್ ಓಡಿಸುತ್ತೇವೆ. ಹಳೆ ಕಂಪ್ಯೂಟರ್ ನಿಧಾನ ಅಂತ 8 ಕೋರ್, 16 ಥ್ರೆಡ್‌ನದ್ದು ತಂದೆ. ಏನೂ ವ್ಯತ್ಯಾಸ ಇಲ್ಲ. Task Manager ತೆರೆದರೆ CPU 6% ಅಂತ ತೋರಿಸುತ್ತದೆ. ಮಾರಿದವರನ್ನು ಕೇಳಿದರೆ "ನಿಮ್ಮ ಮಷೀನ್ ಸುಮ್ನೆ ಕೂತಿದೆ ಸರ್, ಇನ್ನೂ 94 ಪರ್ಸೆಂಟ್ ಖಾಲಿ ಇದೆ" ಅಂತಾರೆ. ಖಾಲಿ ಇದ್ದರೆ ಬೇಗ ಯಾಕೆ ಮಾಡಲ್ಲ?

ಮಾನ್ವಿ_ಮಂಜುನಾಥ

ಮೊದಲು ಬಿಸಿಯ ಪ್ರಶ್ನೆ. ಎರಡನೇ ಕೋರ್ ಅನ್ನು ಅದೇ ಕ್ಲಾಕ್, ಅದೇ ವೋಲ್ಟೇಜ್‌ನಲ್ಲಿ ಓಡಿಸಿದರೆ ಬಿಸಿ ಎರಡರಷ್ಟೇ. ಲಾಭ ಬರುವುದು ಎರಡನ್ನೂ ಸ್ವಲ್ಪ ನಿಧಾನ ಮಾಡಿದಾಗ. ಲೆಕ್ಕಕ್ಕೆ ಒಂದು ಕೋರ್ 3 ಗಿಗಾಹರ್ಟ್ಸ್, 1.2 ವೋಲ್ಟ್, 60 ವ್ಯಾಟ್ ಅಂತ ಇಟ್ಟುಕೊಳ್ಳಿ. ಅದನ್ನು 2 ಗಿಗಾಹರ್ಟ್ಸ್, 0.95 ವೋಲ್ಟ್‌ಗೆ ತನ್ನಿ. ಕ್ಲಾಕ್ ಮೂರನೇ ಎರಡು ಭಾಗ, ವೋಲ್ಟೇಜ್ ವರ್ಗ 0.63. ಆ ಕೋರ್ 25 ವ್ಯಾಟ್‌ಗೆ ಬಂತು. ಈಗ ಅಂಥವು ಎರಡು ಹಾಕಿ: 50 ವ್ಯಾಟ್. ಮೊದಲಿನ 60ಕ್ಕಿಂತ ಕಡಿಮೆ, ಆದರೆ ಎರಡೂ ಸೇರಿ 4 ಗಿಗಾಹರ್ಟ್ಸ್‌ನಷ್ಟು ಕೆಲಸ. 2005ರಲ್ಲಿ ಇಂಟೆಲ್, ಎಎಂಡಿ ಎರಡೂ ಮನೆಯ ಕಂಪ್ಯೂಟರ್‌ಗೆ ಎರಡು ಕೋರ್ ತಂದದ್ದು ಈ ಲೆಕ್ಕದ ಮೇಲೆ. ಐಬಿಎಂ ಸರ್ವರ್‌ಗಳಲ್ಲಿ 2001ರಲ್ಲೇ ತಂದಿತ್ತು. 2006ರ ಕೋರ್ 2 ಡ್ಯುಓದಲ್ಲಿ 2.4 ಗಿಗಾಹರ್ಟ್ಸ್‌ನ ಎರಡು ಕೋರ್ 65 ವ್ಯಾಟ್‌ನಲ್ಲಿ ಕೂತವು. ಅದಕ್ಕೆ ಕೋರ್‌ನ ಒಳವಿನ್ಯಾಸ ಬದಲಾಗಿದ್ದೂ ದೊಡ್ಡ ಕಾರಣ, ಬರೀ ವೋಲ್ಟೇಜ್ ಅಲ್ಲ.

ಈಗ ನಿಮ್ಮ 6%. ನೂರನ್ನು 16ರಿಂದ ಭಾಗಿಸಿ: 6.25. ಒಂದು ಥ್ರೆಡ್ ಪೂರ್ತಿ ದುಡಿಯುತ್ತಿದೆ, ಉಳಿದ ಹದಿನೈದಕ್ಕೆ ಕೆಲಸ ಕೊಡುವುದು ಆ ಸಾಫ್ಟ್‌ವೇರ್‌ಗೆ ಗೊತ್ತಿಲ್ಲ. ಖಾಲಿ ಇರುವುದು ನಿಜ, ನಿಮ್ಮ ಉಪಯೋಗಕ್ಕೆ ಬರಲ್ಲ ಅನ್ನುವುದೂ ನಿಜ. ಎರಡು ಕೋರ್‌ನ 4 ಗಿಗಾಹರ್ಟ್ಸ್ ಅಂತ ನಾನು ಹೇಳಿದ್ದು ಕೆಲಸ ಹಂಚಲು ಬಂದರೆ ಮಾತ್ರ. ಹಂಚಲು ಬರದಿದ್ದರೆ ನಿಮಗೆ ಸಿಕ್ಕಿದ್ದು 2, ಮೊದಲಿದ್ದ 3ಕ್ಕಿಂತ ನಿಧಾನ. ಭಾಗಶಃ ಹಂಚಲು ಬಂದರೂ ಮಿತಿ ಇದೆ. ಜೀನ್ ಆಮ್ಡಾಲ್ 1967ರಲ್ಲೇ ಹೇಳಿದ್ದು: ಕೆಲಸದಲ್ಲಿ ಕಾಲು ಭಾಗ ಹಂಚಲು ಬರದಿದ್ದರೆ ನೂರು ಕೋರ್ ಹಾಕಿದರೂ ನಾಲ್ಕು ಪಟ್ಟಿಗಿಂತ ಬೇಗ ಆಗುವುದಿಲ್ಲ.

ಟರ್ಬೊ ಇರುವುದು ನಿಮ್ಮಂಥವರಿಗೇ. ಒಂದೇ ಕೋರ್ ದುಡಿಯುವಾಗ ಉಳಿದವುಗಳ ಪಾಲಿನ ವ್ಯಾಟ್ ಅದಕ್ಕೆ ಕೊಟ್ಟು ಕ್ಲಾಕ್ ಏರಿಸುತ್ತದೆ. ಹಾಗಾಗಿ ಕೊಪ್ಪಳದವರ 99ರ ಉಪಾಯ ನೀವು ಮಾತ್ರ ಮಾಡಬೇಡಿ.

ಬಳ್ಳಾರಿ_ಜೀನ್ಸ್

ಅಯ್ಯೋ, ಮೊನ್ನೆಯೇ ಓದಿ ಮಾಡಿಬಿಟ್ಟಿದ್ದೆ. ತೆಗೆಯುತ್ತೇನೆ. ಸಾಫ್ಟ್‌ವೇರ್‌ನವರಿಗೆ ಹೊಸ ವರ್ಷನ್ 16 ಥ್ರೆಡ್‌ಗೂ ಕೆಲಸ ಕೊಡುತ್ತದಾ ಅಂತ ಕೇಳಿದ್ದೇನೆ, ಉತ್ತರ ಬಂದಿಲ್ಲ.

ಗಂಗಾವತಿ_ಸ್ನೇಹಾ

ಅಣ್ಣಾ, ಪ್ಯಾಟರ್ನ್ ಜೋಡಿಸುವುದು ಹಂಚಲು ಬರುವ ಕೆಲಸ ಅಲ್ವಾ? ಬೇರೆ ಬೇರೆ ಜೋಡಣೆಗಳನ್ನು ಬೇರೆ ಬೇರೆ ಕೋರ್‌ನಲ್ಲಿ ನೋಡಿ ಒಳ್ಳೆಯದನ್ನು ಆರಿಸಬಹುದು. ಬರೆದವರು ಮಾಡಿಲ್ಲ ಅಷ್ಟೇ. ಡಿಸೈನರ್‌ಗಳು ತಮ್ಮ ಬಿಸಿಯನ್ನು ಪ್ರೋಗ್ರಾಂ ಬರೆಯುವವರ ತಲೆಗೆ ಕಟ್ಟಿದರು ಅಂತ ನನಗನಿಸುತ್ತದೆ.

ಮಾನ್ವಿ_ಮಂಜುನಾಥ

ಹೌದು, ಕಟ್ಟಿದರು. ಬೇರೆ ದಾರಿ ಇರಲಿಲ್ಲ ಅಂತ ನಮ್ಮವರು ಹೇಳುತ್ತಾರೆ. ಒಂದು ಕೋರ್ ಅನ್ನೇ ಜಾಣ ಮಾಡುವ ದಾರಿ ಇನ್ನೂ ಇತ್ತು ಅನ್ನುವವರೂ ನಮ್ಮಲ್ಲೇ ಇದ್ದಾರೆ. ಆ ಜಗಳ ಊಟದ ಹೊತ್ತಿಗೆ ಈಗಲೂ ನಡೆಯುತ್ತದೆ.

ಕೊಪ್ಪಳ_ವಿಡಿಯೋ

2200 ಹಾಕಿ ನೋಡಿದೆ. 13 ವ್ಯಾಟ್‌ನಲ್ಲಿ ನಿಂತಿತು, ಅದೇ ಹೈಲೈಟ್ಸ್ 47 ನಿಮಿಷ. ನಿಮ್ಮ ಲೆಕ್ಕದಂತೆ 7 ಸೇರಿಸಿದರೆ 15.7 ವ್ಯಾಟ್‌ಅವರ್. ಮೊದಲಿನ ಎರಡಕ್ಕಿಂತಲೂ ಕಡಿಮೆ, ಆದರೆ ಕೂದಲೆಳೆಯಷ್ಟು. ಫ್ಯಾನ್ ಸದ್ದು ಇಲ್ಲ, ಅದು ದೊಡ್ಡ ಲಾಭ.

ಕೊನೆಗೆ ಒಂದು. ಕ್ಲಾಕ್ ಹಾಗೇ ಬಿಟ್ಟು ವೋಲ್ಟೇಜ್ ಮಾತ್ರ ಇಳಿಸಬಹುದಂತೆ, ಅಂಡರ್‌ವೋಲ್ಟ್ ಅಂತಾರೆ. ವೇಗ ಕಳೆದುಕೊಳ್ಳದೆ ವರ್ಗದ ಲಾಭ ಪೂರ್ತಿ ಸಿಗಬೇಕಲ್ಲ?

ಲಿಂಗಸುಗೂರು_ಶರಣು

ಸಿಗುತ್ತದೆ ಬ್ರದರ್. ನನ್ನ ಹಳೆ ಗೇಮಿಂಗ್ ಲ್ಯಾಪ್‌ಟಾಪ್ 80 ಮಿಲಿವೋಲ್ಟ್ ಕಡಿಮೆಯಲ್ಲಿ ಓಡುತ್ತಿದೆ, ಏನೂ ತೊಂದರೆ ಇಲ್ಲ. ಧೈರ್ಯವಾಗಿ ಮಾಡಿ.

ಮಾನ್ವಿ_ಮಂಜುನಾಥ

ಶರಣು ಅವರ ಚಿಪ್ ಸಹಿಸಿದ್ದನ್ನು ಇನ್ನೊಂದು ಸಹಿಸಬೇಕು ಅಂತಿಲ್ಲ. ಕಂಪನಿ ಹೆಚ್ಚುವರಿ ವೋಲ್ಟೇಜ್ ಇಟ್ಟಿರುವುದು ಹಳೆಯದಾದ ಚಿಪ್, ಥಟ್ಟನೆ ಏರುವ ಲೋಡ್, ಇವೆಲ್ಲವನ್ನೂ ತಡೆಯಲಿ ಅಂತ. ಕಡಿಮೆ ಮಾಡಿದರೆ ಅತಿ ನಿಧಾನದ ದಾರಿಯ ಸಿಗ್ನಲ್ ಒಂದು ದಿನ ಕ್ಲಾಕ್‌ನ ಹೊತ್ತಿಗೆ ತಲುಪುವುದಿಲ್ಲ. ಆಗ ಮಷೀನ್ ಹ್ಯಾಂಗ್ ಆದರೆ ಪುಣ್ಯ. ಹ್ಯಾಂಗ್ ಆಗದೆ ತಪ್ಪು ಲೆಕ್ಕ ಕೊಟ್ಟರೆ ವಿಡಿಯೋದಲ್ಲಿ ಎಲ್ಲೋ ಒಂದು ಫ್ರೇಮ್ ಕೆಟ್ಟಿರುತ್ತದೆ, ಗೊತ್ತಾಗುವುದು ಮದುಮಗನ ಮನೆಯಲ್ಲಿ. ಮಾಡುವುದಾದರೆ 10 ಮಿಲಿವೋಲ್ಟ್‌ನಂತೆ ಇಳಿಸಿ, ಪ್ರತಿ ಸಲ ದೊಡ್ಡ ಎಕ್ಸ್‌ಪೋರ್ಟ್ ಓಡಿಸಿ, Event Viewer ನಲ್ಲಿ `WHEA-Logger` ಅಂತ ಏನಾದರೂ ಬಂದಿದೆಯಾ ನೋಡಿ. ಬಂದಿದ್ದರೆ ಎರಡು ಹೆಜ್ಜೆ ಹಿಂದೆ ಬನ್ನಿ.

ಆದರೆ ನಿಮ್ಮ ಮಾಡೆಲ್‌ನಲ್ಲಿ ಆ ಬಾಗಿಲು ತೆರೆದಿದೆಯಾ ಮೊದಲು ನೋಡಿಕೊಳ್ಳಿ. 2019ರ ಕೊನೆಗೆ ಪ್ಲಂಡರ್‌ವೋಲ್ಟ್ ಅನ್ನುವ ದಾಳಿ ಹೊರಬಿತ್ತು. ವೋಲ್ಟೇಜ್ ಬೇಕಂತಲೇ ಇಳಿಸಿ ಪ್ರೊಸೆಸರ್‌ನಿಂದ ತಪ್ಪು ಲೆಕ್ಕ ಮಾಡಿಸಿ, ಆ ತಪ್ಪಿನಿಂದ ಗುಟ್ಟಿನ ಕೀ ಹೊರತೆಗೆಯುವ ದಾಳಿ ಅದು. ಆಮೇಲೆ ಬಂದ ಬಯೋಸ್ ಅಪ್‌ಡೇಟ್‌ಗಳು ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಈ ಸೆಟ್ಟಿಂಗ್‌ಗೆ ಬೀಗ ಹಾಕಿವೆ.

ಲಿಂಗಸುಗೂರು_ಶರಣು

ಅದಕ್ಕೇ ನಾನು ಬಯೋಸ್ ಅಪ್‌ಡೇಟ್ ಮಾಡಲ್ಲ 😄

ಶಕ್ತಿನಗರ_ಬಸಣ್ಣ

ಅದು ಸರಿಯಲ್ಲ ತಮ್ಮಾ. ರಿಲೇ ಟ್ರಿಪ್ ಆಗುತ್ತದೆ ಅಂತ ರಿಲೇನೇ ತೆಗೆದವರನ್ನು ನಾನು ನೋಡಿದ್ದೇನೆ. ಮಂಜುನಾಥ, ಥ್ರೆಶೋಲ್ಡ್ ಇಳಿಸಿದರೆ ಸೋರುತ್ತದೆ ಅಂದಿರಲ್ಲ, ಬಿಸಿ ಏರಿದರೂ ಸೋರಿಕೆ ಏರುತ್ತದಾ? ಏರಿದರೆ ರಾಯಚೂರಿನ ಮೇ ತಿಂಗಳಿಗೂ ಬೆಂಗಳೂರಿಗೂ ಅದೇ ಕೆಲಸಕ್ಕೆ ವ್ಯಾಟ್ ಬೇರೆ ಬರಬೇಕು.

ಮಾನ್ವಿ_ಮಂಜುನಾಥ

ಏರುತ್ತದೆ ಸರ್, ಜೋರಾಗಿಯೇ. ವ್ಯತ್ಯಾಸ ಮೀಟರ್‌ನಲ್ಲಿ ಕಾಣುವಷ್ಟು ಬರುತ್ತದಾ ಅನ್ನುವುದು ಒಂದೊಂದು ಚಿಪ್‌ಗೆ ಒಂದೊಂದು. ಕೊಪ್ಪಳದವರೇ, 2200ರಲ್ಲೇ ಇಟ್ಟು ಮಧ್ಯಾಹ್ನ ಒಮ್ಮೆ, ಬೆಳಗಿನ ಜಾವ ಒಮ್ಮೆ ಅದೇ ಹೈಲೈಟ್ಸ್ ಓಡಿಸಿ CPU Package Power ಹಾಕುತ್ತೀರಾ? ಕ್ಲಾಕ್, ವೋಲ್ಟೇಜ್ ಎರಡೂ ಸಲ ಒಂದೇ ಇತ್ತಾ ಅಂತ ನೋಡಿ, ಇಲ್ಲದಿದ್ದರೆ ಹೋಲಿಸಿ ಪ್ರಯೋಜನ ಇಲ್ಲ.